ಸಾಲದ ಷೇರು: ಮಾರುವ ದಿನವನ್ನು ಯಾರು ನಿರ್ಧರಿಸುತ್ತಾರೆ?

2024ರ ಜೂನ್ 1, ಶನಿವಾರ ಸಂಜೆ ಲೋಕಸಭಾ ಚುನಾವಣೆಯ ಎಕ್ಸಿಟ್ ಪೋಲ್‌ಗಳು ಬಂದವು. ಸೋಮವಾರ ಮಾರುಕಟ್ಟೆ ಹಬ್ಬ ಮಾಡಿತು. ನಿಫ್ಟಿ 3%ಗಿಂತ ಜಾಸ್ತಿ ಏರಿ 23,263ರ ಆಸುಪಾಸಿನಲ್ಲಿ ನಿಂತಿತು. ಸರ್ಕಾರಿ ಕಂಪನಿಗಳ ಷೇರುಗಳಿಗಂತೂ ಎಲ್ಲಿಲ್ಲದ ಬೇಡಿಕೆ. ಮಂಗಳವಾರ ಮತ ಎಣಿಕೆ. ಅಂದುಕೊಂಡಷ್ಟು ಸೀಟು ಬರುತ್ತಿಲ್ಲ ಎಂದು ಗೊತ್ತಾಗುತ್ತಿದ್ದಂತೆ ನಿಫ್ಟಿ ಒಂದೇ ದಿನ ಸುಮಾರು 6% ಕುಸಿದು 21,884ಕ್ಕೆ ಬಂತು. ನಮ್ಮ ಬೆಂಗಳೂರಿನ ಎಚ್‌ಎಎಲ್ ಮತ್ತು ಬಿಇಎಲ್ ಷೇರುಗಳಿಗೆ ಬಿದ್ದ ಪೆಟ್ಟು ಇದಕ್ಕಿಂತ ಎಷ್ಟೋ ದೊಡ್ಡದು. ಬಿಇಎಲ್ ಅಂದು ಹೆಚ್ಚುಕಡಿಮೆ ಐದನೇ ಒಂದು ಭಾಗ ಬೆಲೆ ಕಳೆದುಕೊಂಡಿತು.

ಶುಕ್ರವಾರದ ಹೊತ್ತಿಗೆ ನಿಫ್ಟಿ ಮತ್ತೆ 23,290ರಲ್ಲಿತ್ತು. ಜುಲೈನಲ್ಲಿ ಎಚ್‌ಎಎಲ್, ಬಿಇಎಲ್ ಎರಡೂ ಅಲ್ಲಿಯವರೆಗಿನ ಅತಿ ಹೆಚ್ಚಿನ ಬೆಲೆ ಮುಟ್ಟಿದವು. ಅಂದರೆ ಸೋಮವಾರ ಸ್ವಂತ ದುಡ್ಡಿನಲ್ಲಿ ಬಿಇಎಲ್ ಕೊಂಡವರು ಸುಮ್ನೆ ಕೂತಿದ್ದರೂ ಸಾಕಿತ್ತು. ಅದೇ ಷೇರನ್ನು, ಅದೇ ಬೆಲೆಗೆ, ಅದೇ ನಂಬಿಕೆಯಿಂದ ಸಾಲದಲ್ಲಿ ಕೊಂಡ ಎಷ್ಟೋ ಜನ ಮಂಗಳವಾರವೇ ಆಟದಿಂದ ಹೊರಬಿದ್ದರು. ಅವರು ಷೇರು ಆರಿಸುವುದರಲ್ಲಿ ತಪ್ಪಿರಲಿಲ್ಲ. ಯಾವಾಗ ಮಾರಬೇಕು ಎಂಬ ತೀರ್ಮಾನ ಅವರ ಕೈಯಲ್ಲಿ ಇರಲಿಲ್ಲ, ಅಷ್ಟೇ.

ಹೊಸ ಹೂಡಿಕೆದಾರರಿಗೆ ಇದು ಅರ್ಥವಾಗುವುದು ತಡವಾಗಿ. ಸಾಲ ಮಾಡಿದರೆ ಲಾಭವೂ ದೊಡ್ಡದು, ನಷ್ಟವೂ ದೊಡ್ಡದು ಎಂಬುದು ಎಲ್ಲರಿಗೂ ಗೊತ್ತು. ಆದರೆ ನಷ್ಟವನ್ನು ತಾಳಿಕೊಂಡು ಕಾಯುವ ಹಕ್ಕನ್ನೇ ಬಿಟ್ಟುಕೊಟ್ಟಿದ್ದೇವೆ ಎಂಬುದು ಆ್ಯಪ್‌ನ ಬಟನ್ ಒತ್ತುವಾಗ ಕಾಣುವುದಿಲ್ಲ.

ಬಟನ್‌ನ ಹೆಸರು ಎಂಟಿಎಫ್, ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ. ಡೆಲಿವರಿ ಎಂಬ ಆಯ್ಕೆಯ ಪಕ್ಕದಲ್ಲೇ ಇರುತ್ತದೆ. ಒತ್ತಿದರೆ "4 ಪಟ್ಟು ಕೊಳ್ಳಿ" ಎಂಬಂಥ ಸಾಲು ಬರುತ್ತದೆ, ಬೇಕಾದ ಹಣ ಕಾಲು ಭಾಗಕ್ಕೆ ಇಳಿಯುತ್ತದೆ. ನೀವು ಹಾಕುವ ಆ ಪಾಲೇ ಮಾರ್ಜಿನ್. ಉಳಿದ ಮುಕ್ಕಾಲು ಭಾಗ ಬ್ರೋಕರ್ ಕೊಡುವ ಸಾಲ. ಕೊಂಡ ಷೇರು ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಇರುತ್ತದೆ, ಆದರೆ ಬ್ರೋಕರ್ ಹೆಸರಿಗೆ ಅಡವಾಗಿರುತ್ತದೆ. ಅದಕ್ಕೇ ಮೊದಲು ಕೊಂಡ ದಿನ ಸಂಜೆ, ಷೇರುಗಳ ದಾಖಲೆ ಇಡುವ ಡಿಪಾಸಿಟರಿಯಿಂದ ಲಿಂಕ್ ಬರುತ್ತಿತ್ತು, ಒಟಿಪಿ ಹಾಕಿ ಅಡವಿಗೆ ಒಪ್ಪಿಗೆ ಕೊಡಬೇಕಿತ್ತು. ಆ ಲಿಂಕನ್ನು ಇನ್ನೊಂದು ಜಾಹೀರಾತು ಎಂದುಕೊಂಡು ಬಿಟ್ಟವರ ಷೇರುಗಳನ್ನು ಬ್ರೋಕರ್ ಕೆಲವೇ ದಿನಗಳಲ್ಲಿ ಮಾರಿಬಿಡುತ್ತಿದ್ದರು. ಎಂಟಿಎಫ್‌ನಲ್ಲಿ ಕೊಂಡಿದ್ದೇನೆ ಎಂಬುದೇ ಕೆಲವರಿಗೆ ಆಗ ಗೊತ್ತಾಗುತ್ತಿತ್ತು.

ಇದು ಕಳ್ಳದಾರಿಯ ವ್ಯವಹಾರವೇನಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2017ರ ಜೂನ್‌ನಲ್ಲಿ ಇದಕ್ಕೆ ವಿವರವಾದ ನಿಯಮ ಮಾಡಿದೆ. ಆದರೆ ಇದು ಇಷ್ಟು ಬೆಳೆದದ್ದು ಇತ್ತೀಚೆಗೆ. ಮೊದಲು ಬ್ರೋಕರ್‌ಗಳು ಅದೇ ದಿನ ಕೊಂಡು ಮಾರುವ ಇಂಟ್ರಾಡೇಗೆ ಹತ್ತಿಪ್ಪತ್ತು ಪಟ್ಟು ಹಣ ಕೊಡುತ್ತಿದ್ದರು. 2021ರ ಸೆಪ್ಟೆಂಬರ್‌ನಿಂದ ದಿನದ ನಡುವೆಯೂ ಪೂರ್ತಿ ಮಾರ್ಜಿನ್ ಇರಲೇಬೇಕು ಎನ್ನುವ ಪೀಕ್ ಮಾರ್ಜಿನ್ ನಿಯಮ ಪೂರ್ತಿ ಜಾರಿಯಾಗಿ ಅದು ನಿಂತಿತು. 2024ರ ಕೊನೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು, ಅಂದರೆ ಎಫ್ ಆ್ಯಂಡ್ ಒ ಮೇಲೂ ಕಡಿವಾಣ ಬಿತ್ತು. ಬ್ರೋಕರ್‌ಗಳಿಗೆ ಉಳಿದ ಒಳ್ಳೆಯ ಆದಾಯದಲ್ಲಿ ಎಂಟಿಎಫ್ ಬಡ್ಡಿ ಒಂದು. ಆ್ಯಪ್‌ಗಳಲ್ಲಿ ಆ ಬಟನ್ ಇಷ್ಟು ಎದ್ದು ಕಾಣುವುದಕ್ಕೆ ಇದೇ ಕಾರಣ ಎಂದು ನನಗನಿಸುತ್ತದೆ. 2025ರಲ್ಲಿ ದೇಶದಲ್ಲಿ ಈ ಬಗೆಯ ಸಾಲದ ಒಟ್ಟು ಬಾಕಿ ಒಂದು ಲಕ್ಷ ಕೋಟಿ ರೂಪಾಯಿ ದಾಟಿತು.

ಈಗ ಆ ಜೂನ್ ತಿಂಗಳ ಅಳತೆಗೆ ಒಂದು ಲೆಕ್ಕ ಹಾಕೋಣ. ಸುಲಭವಾಗಲಿ ಎಂದು ಬೆಲೆಯನ್ನು ನಾನೇ ಇಟ್ಟುಕೊಂಡಿದ್ದೇನೆ.

ನಿಮ್ಮ ಹತ್ತಿರ 1,00,000 ರೂಪಾಯಿ ಇದೆ. ಷೇರಿನ ಬೆಲೆ 400. ಸ್ವಂತ ದುಡ್ಡಿಗೆ 250 ಷೇರು ಬರುತ್ತದೆ. ಎಂಟಿಎಫ್‌ನಲ್ಲಿ 3,00,000 ಸಾಲ ಪಡೆದು 1,000 ಷೇರು ಕೊಳ್ಳುತ್ತೀರಿ. ಮರುದಿನ ಬೆಲೆ 19% ಬಿದ್ದು 324 ಆಗುತ್ತದೆ. ನಿಮ್ಮ ಷೇರುಗಳ ಮೌಲ್ಯ ಈಗ 3,24,000. ಸಾಲ ಹಾಗೆಯೇ ಇದೆ, 3,00,000. ನಿಮ್ಮದು ಎಂದು ಉಳಿದಿರುವುದು 24,000 ಮಾತ್ರ.

ಇಲ್ಲಿಗೆ ಮುಗಿಯಲಿಲ್ಲ. ಮಾರ್ಜಿನ್ ಎಂಬುದು ಕೊಳ್ಳುವ ದಿನ ಒಮ್ಮೆ ಕಟ್ಟಿ ಮರೆಯುವ ಮುಂಗಡ ಅಲ್ಲ. ಸಾಲ ಇರುವಷ್ಟು ದಿನವೂ ಅದು ನಿಗದಿಯಾದ ಮಟ್ಟದಲ್ಲಿ ಇರಲೇಬೇಕು ಎನ್ನುತ್ತದೆ ಸೆಬಿ ನಿಯಮ. 25% ಮಾರ್ಜಿನ್ ಎಂದರೆ 3,24,000ಕ್ಕೆ 81,000 ಬೇಕು. ನಿಮ್ಮಲ್ಲಿರುವುದು 24,000. ಕೊರತೆ 57,000.

ಅದಕ್ಕೂ ಮೇಲೆ ಇನ್ನೊಂದು ಏಟು. ಈ 25% ಎಂಬ ಅಂಕಿಯೇ ಸ್ಥಿರವಲ್ಲ. ಅದು ಎಕ್ಸ್‌ಚೇಂಜ್ ಲೆಕ್ಕ ಹಾಕುವ ವಿಎಆರ್ ಮಾರ್ಜಿನ್ ಮೇಲೆ ನಿಂತಿದೆ. ಷೇರು ಎಷ್ಟು ಜೋರಾಗಿ ಏರಿಳಿಯುತ್ತದೋ ಅದಕ್ಕೆ ತಕ್ಕಂತೆ ವಿಎಆರ್ ಬದಲಾಗುತ್ತದೆ, ಎಕ್ಸ್‌ಚೇಂಜ್ ಅದನ್ನು ದಿನಕ್ಕೆ ಹಲವು ಸಲ ಪರಿಷ್ಕರಿಸುತ್ತದೆ. ಅದರ ಮೇಲೆ ಬ್ರೋಕರ್ ತಮ್ಮ ಸುರಕ್ಷತೆಗೆ ಇನ್ನಷ್ಟು ಸೇರಿಸಬಹುದು. ಒಂದೇ ದಿನ 19% ಬಿದ್ದ ಷೇರಿಗೆ ಮಾರ್ಜಿನ್ 35% ಆಯಿತು ಅಂದುಕೊಳ್ಳಿ. ಆಗ ಬೇಕಾದದ್ದು 1,13,400. ಕೊರತೆ 89,400. ಅಂದರೆ ಬೆಲೆ ಬಿದ್ದು ನಿಮ್ಮ ಹಣ ಕರಗಿದ ಹೊತ್ತಿನಲ್ಲೇ ನಿಮ್ಮಿಂದ ಕೇಳುವ ಹಣವೂ ಜಾಸ್ತಿಯಾಗುತ್ತದೆ.

ಹಣ ತುಂಬಿಸಲು ಎಷ್ಟು ಸಮಯ ಸಿಗುತ್ತದೆ? ಬ್ರೋಕರ್‌ನಿಂದ ಬ್ರೋಕರ್‌ಗೆ ವ್ಯತ್ಯಾಸ ಇದೆ. ಕೆಲವರು ಒಂದೆರಡು ದಿನ ಕೊಡುತ್ತಾರೆ. ಆದರೆ ನಷ್ಟ ಒಂದು ಮಟ್ಟ ಮೀರಿದರೆ ಕಾಯದೆ ಮಾರುವ ಷರತ್ತು ಬಹುಪಾಲು ಒಪ್ಪಂದಗಳಲ್ಲಿ ಇರುತ್ತದೆ. ನಮ್ಮಲ್ಲಿ ಚಿನ್ನ ಅಡವಿಟ್ಟು ಸಾಲ ಪಡೆದು ಗೊತ್ತಿರುವವರು ಇಲ್ಲೇ ಮೋಸ ಹೋಗುತ್ತಾರೆ. ಚಿನ್ನದ ಸಾಲದಲ್ಲಿ ಕಂತು ತಪ್ಪಿದರೆ ನೋಟಿಸ್ ಬರುತ್ತದೆ, ಫೋನ್ ಬರುತ್ತದೆ, ಹರಾಜಿಗೆ ಮೊದಲು ಸಾಕಷ್ಟು ಸಮಯ ಇರುತ್ತದೆ. ಷೇರಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಇಮೇಲ್ ಬಂದು, ನೀವು ಅದನ್ನು ನೋಡುವಷ್ಟರಲ್ಲಿ ಮಧ್ಯಾಹ್ನ ಮಾರಾಟ ಮುಗಿದಿರಬಹುದು.

ನಮ್ಮ ಲೆಕ್ಕದಲ್ಲಿ ಬ್ರೋಕರ್ ಮಾರಿದ್ದು 316ಕ್ಕೆ ಎನ್ನೋಣ. ಕಡಿಮೆ ಬೆಲೆ ಏಕೆಂದರೆ ಅದೇ ಗಳಿಗೆಯಲ್ಲಿ ನಿಮ್ಮಂಥ ಸಾವಿರಾರು ಜನರ ಷೇರುಗಳೂ ಇದೇ ಕಾರಣಕ್ಕೆ ಮಾರಾಟಕ್ಕೆ ಬಂದಿರುತ್ತವೆ. 3,16,000ದಲ್ಲಿ ಸಾಲ ಕಳೆದರೆ 16,000. ಎಸ್‌ಟಿಟಿ, ಬ್ರೋಕರೇಜ್, ಅಡವಿನ ಶುಲ್ಕ, ಬಡ್ಡಿ ಕಳೆದು ಕೈಗೆ ಬರುವುದು ಹದಿನೈದು ಸಾವಿರದ ಆಸುಪಾಸು. ಷೇರು ಮಾರಿಹೋದದ್ದು 21% ಕಡಿಮೆ ಬೆಲೆಗೆ, ನಿಮ್ಮ ದುಡ್ಡು ಹೋದದ್ದು ಸುಮಾರು 85%. ಒಂದು ತಿಂಗಳ ನಂತರ ಬೆಲೆ 425 ಆಯಿತು ಅಂದುಕೊಂಡರೆ, ಸ್ವಂತ ದುಡ್ಡಿನಲ್ಲಿ 250 ಷೇರು ಇಟ್ಟುಕೊಂಡಿದ್ದವರ ಹತ್ತಿರ 1,06,250 ಇರುತ್ತದೆ.

ಈ ಲೆಕ್ಕದಲ್ಲಿ ಅಡಗಿರುವ ಒಂದು ವಿಷಯವನ್ನು ಎಂಟಿಎಫ್ ಬಳಸುವವರು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕು. ಯಾವ ಬೆಲೆಗೆ ಬಿದ್ದರೆ ಮಾರ್ಜಿನ್ ಕೊರತೆ ಶುರುವಾಗುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. ನೂರರಿಂದ ಮಾರ್ಜಿನ್ ಶೇಕಡವನ್ನು ಕಳೆಯಿರಿ. ಬಂದ ಶೇಕಡದಿಂದ ಸಾಲದ ಮೊತ್ತವನ್ನು ಭಾಗಿಸಿ. ಅದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 3,00,000ವನ್ನು 0.75ರಿಂದ ಭಾಗಿಸಿದರೆ 4,00,000. 1,000 ಷೇರಿಗೆ 400 ರೂಪಾಯಿ.

ಅದು ನೀವು ಕೊಂಡ ಬೆಲೆಯೇ ಅಲ್ವಾ? ಹೌದು. ಕೊಡುವಷ್ಟು ಪೂರ್ತಿ ಸಾಲ ತೆಗೆದುಕೊಂಡರೆ ಕೊಂಡ ಕ್ಷಣದಿಂದಲೇ ನೀವು ಅಂಚಿನಲ್ಲಿ ನಿಂತಿರುತ್ತೀರಿ. ಒಂದು ರೂಪಾಯಿ ಬಿದ್ದರೂ ಕೊರತೆ. ಬ್ರೋಕರ್ ಸ್ವಲ್ಪ ಸಡಿಲ ಬಿಡಬಹುದು, ಆದರೆ ಅದು ಅವರ ಇಷ್ಟ. ಖಾತೆಯಲ್ಲಿ ಬೇರೆ ಹಣ ಇಲ್ಲದೆ ನಾಲ್ಕು ಪಟ್ಟು ಕೊಳ್ಳುವವರಿಗೆ ಉಸಿರಾಡಲು ಜಾಗವೇ ಇರುವುದಿಲ್ಲ.

ಅದೇ 1,000 ಷೇರನ್ನು 2,00,000 ಸ್ವಂತ ಹಣ, 2,00,000 ಸಾಲದಲ್ಲಿ ಕೊಂಡಿದ್ದರೆ? 25% ಮಾರ್ಜಿನ್‌ನಲ್ಲಿ ಕೊರತೆ ಶುರುವಾಗುವುದು 267ಕ್ಕೆ. ಅಂದರೆ ಷೇರು 33% ಬೀಳುವವರೆಗೂ ತಾಳಬಹುದು. ಮಾರ್ಜಿನ್ 35%ಗೆ ಏರಿದರೂ ಆ ಬೆಲೆ 308. ಮಂಗಳವಾರದ 324ರಲ್ಲಿ ಇವರ ಷೇರು ಉಳಿಯುತ್ತಿತ್ತು. ಆದರೆ ಮಾರ್ಜಿನ್ 40% ಆಗಿಬಿಟ್ಟರೆ ಕೊರತೆಯ ಬೆಲೆ 333ಕ್ಕೆ ಏರುತ್ತದೆ, ಆಗ ಎರಡು ಪಟ್ಟಿನವರಿಗೂ ಹಣ ತುಂಬಿ ಎಂಬ ಕರೆ, ಅಂದರೆ ಮಾರ್ಜಿನ್ ಕಾಲ್, ಬರುತ್ತದೆ. ಹಾಗಾಗಿ ಈ ಲೆಕ್ಕವನ್ನು ಇವತ್ತಿನ ಮಾರ್ಜಿನ್‌ಗೆ ಮಾತ್ರ ಹಾಕಿದರೆ ಸಾಲದು. ಹತ್ತು ಹದಿನೈದು ಪಾಯಿಂಟ್ ಜಾಸ್ತಿ ಇಟ್ಟು ಇನ್ನೊಮ್ಮೆ ಹಾಕಿ ನೋಡಬೇಕು.

ಸಣ್ಣ ಕಂಪನಿಗಳ ಷೇರಿನಲ್ಲಿ ಈ ಲೆಕ್ಕವೂ ಕೈಕೊಡುತ್ತದೆ. ವಿಪರೀತ ಏರಿಳಿತ ಕಂಡ ಷೇರುಗಳನ್ನು ಎಕ್ಸ್‌ಚೇಂಜ್ ಎಎಸ್‌ಎಂ ಎಂಬ ನಿಗಾ ಪಟ್ಟಿಗೆ ಸೇರಿಸುತ್ತದೆ, ಅಲ್ಲಿ ಮಾರ್ಜಿನ್ 100%ವರೆಗೂ ಹೋಗಬಹುದು. ನಿನ್ನೆವರೆಗೆ ಸಾಲ ಸಿಗುತ್ತಿದ್ದ ಷೇರಿಗೆ ಇವತ್ತು ಪೂರ್ತಿ ಹಣ ಕಟ್ಟಿ ಎನ್ನುತ್ತಾರೆ. ಇನ್ನೊಂದು, ಲೋವರ್ ಸರ್ಕ್ಯೂಟ್. ಷೇರು ದಿನದ ಮಿತಿಗೆ ಬಿದ್ದು ಕೊಳ್ಳುವವರೇ ಇಲ್ಲದಿದ್ದರೆ ನೀವೂ ಮಾರಲಾಗುವುದಿಲ್ಲ, ಬ್ರೋಕರೂ ಮಾರಲಾಗುವುದಿಲ್ಲ. ಮೂರು ದಿನ ಹಾಗೆಯೇ ಬಿದ್ದರೆ ನಿಮ್ಮ ಹಣ ಸೊನ್ನೆಯಾಗಿ ಮೇಲಿಂದ ಬಾಕಿ ನಿಲ್ಲಬಹುದು. ಆ ಬಾಕಿಯನ್ನು ನೀವೇ ಕಟ್ಟಬೇಕು.

ಇದುವರೆಗೆ ಹೇಳಿದ್ದು ದಿಢೀರ್ ಕುಸಿತದ ಮಾತು. ಸದ್ದಿಲ್ಲದೆ ಕೊಲ್ಲುವುದು ಬಡ್ಡಿ.

ಎಂಟಿಎಫ್ ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹೇಳುವುದು ವಾಡಿಕೆ. 0.04% ಎಂದರೆ ಏನೂ ಅಲ್ಲ ಅನಿಸುತ್ತದೆ. ವರ್ಷಕ್ಕೆ ಅದು 14.6%. ಮೂರು ಲಕ್ಷಕ್ಕೆ ದಿನಕ್ಕೆ 120 ರೂಪಾಯಿ, ಶನಿವಾರ ಭಾನುವಾರವೂ ಸೇರಿ. ವರ್ಷಕ್ಕೆ 43,800. ನಿಮ್ಮ ಸ್ವಂತ ಹಣ ಒಂದು ಲಕ್ಷ ಎಂಬುದನ್ನು ಮರೆಯಬೇಡಿ. ಷೇರು ವರ್ಷವಿಡೀ ಇದ್ದಲ್ಲೇ ಇದ್ದರೂ ನಿಮ್ಮ ದುಡ್ಡಿನಲ್ಲಿ 44% ಹೋಯಿತು. ಬಡ್ಡಿ ತೀರಿಸಿ ಸಮ ಆಗಲಿಕ್ಕೇ ಷೇರು 11% ಏರಬೇಕು. ಲಾಭ ಬಂದರೂ ತೆರಿಗೆ ಲೆಕ್ಕದಲ್ಲಿ ಈ ಬಡ್ಡಿಯನ್ನು ಬಂಡವಾಳ ಲಾಭದಿಂದ ಕಳೆಯಲು ಸಾಮಾನ್ಯ ಹೂಡಿಕೆದಾರರಿಗೆ ಸಾಮಾನ್ಯವಾಗಿ ಅವಕಾಶ ಇರುವುದಿಲ್ಲ. ವರ್ಷದೊಳಗೆ ಮಾರಿದರೆ ಲಾಭಕ್ಕೆ 20% ತೆರಿಗೆ.

ಜೂನ್ ಕುಸಿತದಲ್ಲಿ ಉಳಿದುಕೊಂಡು, "ಬಿದ್ದರೂ ಏಳುತ್ತೆ" ಎಂಬ ಧೈರ್ಯದಲ್ಲಿ ಜುಲೈನಲ್ಲಿ ಎಂಟಿಎಫ್‌ನಲ್ಲಿ ಎಚ್‌ಎಎಲ್ ಕೊಂಡವರ ಕಥೆ ನೋಡಿ. ಜುಲೈನಲ್ಲಿ 5,600 ದಾಟಿದ್ದ ಷೇರು ಮುಂದಿನ ಮಾರ್ಚ್ ಹೊತ್ತಿಗೆ 3,100ರ ಆಸುಪಾಸಿಗೆ ಇಳಿಯಿತು. ಅದು ಒಂದೇ ದಿನದಲ್ಲಿ ಆದದ್ದಲ್ಲ. ಸ್ವಲ್ಪ ಬಿದ್ದು, ಸ್ವಲ್ಪ ಎದ್ದು, ಮತ್ತೆ ಬಿದ್ದು ಆದದ್ದು. ಪ್ರತಿ ಸಲ ಸ್ವಲ್ಪ ಎದ್ದಾಗಲೂ ಇನ್ನಷ್ಟು ಹಣ ತುಂಬಿ ಉಳಿಸಿಕೊಳ್ಳೋಣ ಅನಿಸುವುದು ಸಹಜ. ಹಾಗೆ ತುಂಬಿದ ಹಣಕ್ಕೂ ಅದೇ ಗತಿ. ಬಡ್ಡಿ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ.

ಕೈಯಲ್ಲಿ ನಗದು ಇಲ್ಲದವರಿಗೆ ಇನ್ನೊಂದು ದಾರಿ ತೋರಿಸುತ್ತಾರೆ. ಹಳೆಯ ಷೇರುಗಳನ್ನೇ ಮಾರ್ಜಿನ್ ಆಗಿ ಅಡವಿಡಿ ಎನ್ನುತ್ತಾರೆ. ನನ್ನ ಮಟ್ಟಿಗೆ ಸಣ್ಣ ಹೂಡಿಕೆದಾರರಿಗೆ ಎಲ್ಲಕ್ಕಿಂತ ಅಪಾಯದ್ದು ಇದೇ. ಎರಡು ಕಡೆಯೂ ಒಂದೇ ದಿನ ಬೀಳುತ್ತದೆ.

ಅಪ್ಪ ಕೊಟ್ಟ ಹಳೆಯ ಷೇರು 2,00,000 ಬೆಲೆಯದ್ದಿದೆ. ಹೇರ್‌ಕಟ್ ಎಂಬ ಹೆಸರಿನಲ್ಲಿ ಬ್ರೋಕರ್ ಸುರಕ್ಷತೆಗೆಂದು 20% ಕಳೆದು 1,60,000 ಮಾರ್ಜಿನ್ ಸಿಗುತ್ತದೆ. ಅದರ ಬಲದಲ್ಲಿ 6,00,000 ಬೆಲೆಯ ಹೊಸ ಷೇರು ಕೊಳ್ಳುತ್ತೀರಿ. ನೀವು ನಗದು ಹಾಕಿಲ್ಲವಾದ್ದರಿಂದ ಪೂರ್ತಿ ಆರು ಲಕ್ಷವೂ ಸಾಲ, ದಿನಕ್ಕೆ 240 ರೂಪಾಯಿ ಬಡ್ಡಿ. ಮಾರುಕಟ್ಟೆ 15% ಬಿದ್ದರೆ ಹೊಸ ಷೇರಿನಲ್ಲಿ 90,000 ನಷ್ಟ. ಹಳೆಯ ಷೇರು 1,70,000ಕ್ಕೆ ಇಳಿದಿರುತ್ತದೆ, ಹೇರ್‌ಕಟ್ 25% ಆಯಿತು ಎಂದರೆ ಅದರಿಂದ ಸಿಗುವ ಮಾರ್ಜಿನ್ 1,27,500. ನಷ್ಟ ಕಳೆದರೆ ಉಳಿಯುವುದು 37,500. ಬೇಕಾದದ್ದು 1,27,500. ಈಗ ಬ್ರೋಕರ್ ಹೊಸ ಷೇರಿನ ಜೊತೆಗೆ ಹಳೆಯ ಷೇರನ್ನೂ ಮಾರಬಹುದು. ಇಪ್ಪತ್ತು ವರ್ಷ ಮುಟ್ಟದೆ ಇಟ್ಟಿದ್ದ ಷೇರು ಕೈಬಿಡುತ್ತದೆ, ಅದರ ಮೇಲಿನ ಲಾಭಕ್ಕೆ ತೆರಿಗೆಯ ಲೆಕ್ಕವೂ ಶುರುವಾಗುತ್ತದೆ.

ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಗಳಲ್ಲಿ ಷೇರಿನ ಮೇಲೆ ಪಡೆಯುವ ಸಾಲ ಇದಕ್ಕಿಂತ ನಿಧಾನದ್ದು. ಅಲ್ಲಿ ಸಾಮಾನ್ಯವಾಗಿ ಷೇರಿನ ಮೌಲ್ಯದ ಅರ್ಧದಷ್ಟು ಮಾತ್ರ ಓವರ್‌ಡ್ರಾಫ್ಟ್ ಕೊಡುತ್ತಾರೆ, ಬಳಸಿದಷ್ಟಕ್ಕೆ ಬಡ್ಡಿ. 10 ಲಕ್ಷದ ಷೇರಿಗೆ 5 ಲಕ್ಷ. ಷೇರು 8 ಲಕ್ಷಕ್ಕೆ ಇಳಿದರೆ ಮಿತಿ 4 ಲಕ್ಷವಾಗುತ್ತದೆ, ಪೂರ್ತಿ ಬಳಸಿದ್ದರೆ ಒಂದು ಲಕ್ಷವನ್ನು ಕೆಲವೇ ದಿನಗಳಲ್ಲಿ ತುಂಬಬೇಕು. ಆಸ್ಪತ್ರೆ ಖರ್ಚಿಗೋ ಮಗಳ ಕಾಲೇಜು ಫೀಸಿಗೋ ಸ್ವಲ್ಪ ಹಣ ಎತ್ತಿ, ಸಂಬಳದಿಂದ ತೀರಿಸುವವರಿಗೆ ಇದು ಪರ್ಸನಲ್ ಲೋನ್‌ಗಿಂತ ಎಷ್ಟೋ ವಾಸಿ. ಆ ಹಣವನ್ನು ಮತ್ತೆ ಷೇರಿಗೇ ಹಾಕಿದರೆ ಮಾತ್ರ ಮೇಲಿನ ಕಥೆಯೇ ಬೇರೆ ಹೆಸರಿನಲ್ಲಿ ನಡೆಯುತ್ತದೆ.

ಒಪ್ಪಂದದಲ್ಲಿ ಯಾರೂ ಓದದ ಒಂದು ಸಾಲು ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಂಟಿಎಫ್‌ನಿಂದಾದ ನಷ್ಟಕ್ಕೆ ಎಕ್ಸ್‌ಚೇಂಜ್‌ನ ಹೂಡಿಕೆದಾರರ ರಕ್ಷಣಾ ನಿಧಿಯ ನೆರವು ಸಿಗುವುದಿಲ್ಲ. ಬ್ರೋಕರ್ ಜೊತೆ ತಕರಾರಾದರೆ ದೂರು ಕೊಡಬಹುದು, ಆರ್ಬಿಟ್ರೇಷನ್‌ಗೆ ಹೋಗಬಹುದು. ಆದರೆ ಆ ನಿಧಿಯ ಬಾಗಿಲು ಮುಚ್ಚಿರುತ್ತದೆ.

ಈಗಾಗಲೇ ಮಾರ್ಜಿನ್ ಕಾಲ್ ಬಂದಿರುವವರು ಏನು ಮಾಡಬೇಕು? ಮೊದಲು ಕೊರತೆಯನ್ನು ಸರಿಯಾಗಿ ನೋಡಿ. ನಮ್ಮ ಮೊದಲ ಉದಾಹರಣೆಯಲ್ಲೇ ಷೇರು 400ರಿಂದ 360ಕ್ಕೆ ಮಾತ್ರ ಬಿದ್ದಿದೆ ಎನ್ನೋಣ. ಮೌಲ್ಯ 3,60,000, ನಿಮ್ಮದು 60,000, ಬೇಕಾದದ್ದು 90,000. ಕೊರತೆ 30,000. ಎಲ್ಲರೂ 30,000 ರೂಪಾಯಿಯ ಷೇರು ಮಾರಿದರೆ ಸಾಕು ಅಂದುಕೊಳ್ಳುತ್ತಾರೆ. ಸಾಲುವುದಿಲ್ಲ. 60,000 ಎಂಬುದು 25% ಆಗಬೇಕಾದರೆ ಒಟ್ಟು ಷೇರಿನ ಮೌಲ್ಯ 2,40,000ಕ್ಕೆ ಇಳಿಯಬೇಕು. ಅಂದರೆ 1,20,000 ರೂಪಾಯಿಯ ಷೇರು, 334 ಷೇರು, ಮಾರಬೇಕು. ಕೊರತೆಯ ನಾಲ್ಕು ಪಟ್ಟು.

ಹಣ ತುಂಬುವುದಾದರೆ ಆ ಹಣ ಎಲ್ಲಿಂದ ಬರುತ್ತಿದೆ ನೋಡಿ. ಉಳಿತಾಯ ಖಾತೆಯಲ್ಲಿ ಮಿಕ್ಕ ಹಣವಾದರೆ ಅದು ಒಂದು ಮಾತು. ಕ್ರೆಡಿಟ್ ಕಾರ್ಡ್, ಮೊಬೈಲ್ ಆ್ಯಪ್ ಸಾಲ, ಹೆಂಡತಿಯ ಒಡವೆ, ಎತ್ತಿದ ಚೀಟಿ ದುಡ್ಡು ಇವುಗಳಿಂದ ತುಂಬುವುದು ಬೇಡವೇ ಬೇಡ. 14% ಸಾಲ ಉಳಿಸಲು ಮತ್ತೊಂದು ಸಾಲ ಹೂಡಿದಂತಾಗುತ್ತದೆ, ಮರುವಾರ ಇನ್ನೊಂದು ಕಾಲ್ ಬರುವುದಿಲ್ಲ ಎಂಬ ಖಾತ್ರಿಯೂ ಇಲ್ಲ.

ಮಾರುವುದೇ ಆದರೆ ನೀವೇ ಮಾರಿ, ಬ್ರೋಕರ್ ಮಾರುವವರೆಗೆ ಕಾಯಬೇಡಿ. ನೀವು ಮಾರಿದರೆ ಯಾವ ಷೇರು, ಎಷ್ಟು, ಯಾವ ಬೆಲೆಗೆ ಎಂದು ಲಿಮಿಟ್ ಆರ್ಡರ್ ಹಾಕಬಹುದು. ಬ್ರೋಕರ್‌ನ ರಿಸ್ಕ್ ವಿಭಾಗ ಮಾರಿದರೆ ಸಿಕ್ಕ ಬೆಲೆಗೆ ಹೋಗುತ್ತದೆ, ಯಾವುದನ್ನು ಮೊದಲು ಮಾರಬೇಕು ಎಂಬುದೂ ಅವರಿಗೇ ಬಿಟ್ಟದ್ದು, ಹಲವೆಡೆ ಅದಕ್ಕೆ ಬೇರೆ ಶುಲ್ಕವೂ ಬೀಳುತ್ತದೆ. ಮಾರಿದ ಹಣ ಮರುದಿನದ ಸೆಟಲ್‌ಮೆಂಟ್‌ಗೆ ಬರುವವರೆಗೆ ಬಡ್ಡಿ ಓಡುತ್ತಿರುತ್ತದೆ. ಆಮೇಲೆ ಲೆಡ್ಜರ್ ತೆಗೆದು ಎಂಟಿಎಫ್ ಬಾಕಿ ಕಡಿಮೆಯಾಗಿದೆಯೇ, ಉಳಿದ ಷೇರುಗಳಿಗೆ ಈಗಿನ ಮಾರ್ಜಿನ್ ಎಷ್ಟು ಎಂದು ನೋಡಿ, ಕೊರತೆಯ ಬೆಲೆಯನ್ನು ಹೊಸದಾಗಿ ಲೆಕ್ಕ ಹಾಕಿಕೊಳ್ಳಿ.